0.5 ಮತ್ತು 0.6ರ ನಡುವೆ: ಒಂದು ತಪ್ಪು ಕೀ ಉತ್ತರದ ಪ್ರಕರಣ

ಧಾರವಾಡದ ದ್ವಿತೀಯ ಪಿಯು ವಿದ್ಯಾರ್ಥಿನಿಯೊಬ್ಬಳು ನೀಟ್ ಮಾದರಿಯ ಅಣಕು ಪರೀಕ್ಷೆ ಬರೆದ ದಿನ ಸಂಜೆ ನನಗೆ ಒಂದು ಫೋಟೊ ಕಳಿಸಿದಳು. ಅದರ ಕೆಳಗೆ, "ಸರ್, ಇದರ ಕೀ ಉತ್ತರ 1 ಎಂದು ಹಚ್ಚಿದ್ದಾರೆ, ನನಗೆ 2 ಬರುತ್ತಿದೆ, ಒಮ್ಮೆ ನೋಡಿ" ಎಂದಷ್ಟೇ ಬರೆದಿದ್ದಳು. ಪರೀಕ್ಷೆ ನಡೆಸಿದ್ದು ನಮ್ಮ ಕಾಲೇಜಲ್ಲ, ಅವಳು ಸಂಜೆ ಹೋಗುವ ತರಬೇತಿ ಕೇಂದ್ರ. ಅಲ್ಲಿ ಪ್ರಶ್ನೆಪತ್ರಿಕೆಯನ್ನು ಮನೆಗೆ ಒಯ್ಯಲು ಬಿಡುವುದಿಲ್ಲ. ಕೀ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಪತ್ರಿಕೆಯನ್ನು ಮಕ್ಕಳ ಕೈಗೆ ಕೊಟ್ಟು, ಬೇಕಾದ ಪ್ರಶ್ನೆಯ ಫೋಟೊ ತೆಗೆದುಕೊಳ್ಳಲು ಅವಕಾಶ ಮಾಡಿ, ಮತ್ತೆ ಎಣಿಸಿ ವಾಪಸ್ ಪಡೆಯುತ್ತಾರೆ. ಹೀಗಾಗಿ ಈ ಪ್ರಕರಣದಲ್ಲಿ ಮೊದಲ ದಿನ ನಮ್ಮ ಕೈಯಲ್ಲಿದ್ದ ಸಾಕ್ಷ್ಯ ಆ ಒಂದು ಫೋಟೊ ಮಾತ್ರ. ಟ್ಯೂಬ್‌ಲೈಟಿನ ಕೆಳಗೆ ಅವಸರದಲ್ಲಿ ತೆಗೆದ ಆ ಚಿತ್ರದಲ್ಲಿ ಅವಳದೇ ಕೈಯ ನೆರಳು ಪ್ರಶ್ನೆಯ ಮೊದಲ ಸಾಲಿನ ಮೇಲೆ ಬಿದ್ದಿತ್ತು.

ಪ್ರಶ್ನೆ ಹೀಗಿತ್ತು: ಸಮತಲಕ್ಕೆ 30 ಡಿಗ್ರಿ ಕೋನದಲ್ಲಿರುವ ಒರಟು ಇಳಿಜಾರಿನ ಮೇಲೆ 2 ಕಿಲೋಗ್ರಾಂ ದ್ರವ್ಯರಾಶಿಯ ಒಂದು ಬ್ಲಾಕನ್ನು ಇಡಲಾಗಿದೆ. ಬ್ಲಾಕ್ ಮತ್ತು ಇಳಿಜಾರಿನ ನಡುವಿನ ಘರ್ಷಣಾ ಗುಣಾಂಕ 0.5 ಆಗಿದ್ದು g = 9.8 ಎಂದು ತೆಗೆದುಕೊಂಡರೆ, ಬ್ಲಾಕಿನ ಮೇಲಿನ ಘರ್ಷಣಾ ಬಲ ಎಷ್ಟು? ಆಯ್ಕೆಗಳು ನ್ಯೂಟನ್ ಮಾನದಲ್ಲಿ ಅನುಕ್ರಮವಾಗಿ 9.8, 8.5, 17 ಮತ್ತು 4.9. ಕೀ ಹೇಳುತ್ತಿದ್ದುದು ಒಂದನೆಯದು, ಅಂದರೆ 9.8. ವಿದ್ಯಾರ್ಥಿನಿ ಗುರುತು ಹಾಕಿದ್ದು ಎರಡನೆಯದಕ್ಕೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ ಎಂಬ ನೀಟ್ ಲೆಕ್ಕದಲ್ಲಿ, ಇದೊಂದು ಪ್ರಶ್ನೆಯಿಂದ ಅವಳ ಒಟ್ಟು ಅಂಕದಲ್ಲಿ ಐದರ ವ್ಯತ್ಯಾಸವಾಗುತ್ತಿತ್ತು.

ಈ ಕೀ ಯಾರಿಗೂ ಅನುಮಾನ ಹುಟ್ಟಿಸದೆ ಎಲ್ಲರ ಕಣ್ಣಿಗೂ ಸರಿಯಾಗಿ ಕಂಡದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣದ ಸ್ವಾರಸ್ಯ ಇರುವುದೇ ಅಲ್ಲಿ. ಘರ್ಷಣೆಯ ಪಾಠದಲ್ಲಿ ಮಕ್ಕಳು ಅತಿ ಹೆಚ್ಚು ಎಡವುವ ಜಾಗವೆಂದರೆ, ಪ್ರಶ್ನೆಯಲ್ಲಿ μ ಕಂಡ ಕೂಡಲೇ ಅದನ್ನು ಲಂಬ ಪ್ರತಿಕ್ರಿಯಾ ಬಲಕ್ಕೆ ಗುಣಿಸಿ ಬಂದದ್ದನ್ನು ಉತ್ತರವೆಂದು ಬರೆದುಬಿಡುವುದು. ನಿಂತಿರುವ ವಸ್ತುವಿನ ಮೇಲಿನ ಘರ್ಷಣೆ ಹಾಗೆ ಒಂದೇ ಬೆಲೆಗೆ ಕಟ್ಟುಬಿದ್ದದ್ದಲ್ಲ. ವಸ್ತುವನ್ನು ಜಾರಿಸಲು ಎಷ್ಟು ಬಲ ಎಳೆಯುತ್ತಿದೆಯೋ ಅಷ್ಟೇ ಬಲವನ್ನು ಅದು ಎದುರಿನಿಂದ ಕೊಡುತ್ತದೆ. μN ಎಂಬುದು ಅದು ಕೊಡಬಲ್ಲ ಗರಿಷ್ಠ ಬಲ ಮಾತ್ರ. ಆದ್ದರಿಂದ ಇಳಿಜಾರಿನ ಮೇಲೆ ಕದಲದೆ ನಿಂತ ಬ್ಲಾಕಿನ ಮೇಲಿನ ಘರ್ಷಣಾ ಬಲ mg sinθ ಆಗಿರುತ್ತದೆ, μmg cosθ ಅಲ್ಲ. ಇದನ್ನು ನಾವು ಉಪನ್ಯಾಸಕರು ವರ್ಷಕ್ಕೆ ಹತ್ತಾರು ಸಲ ಒತ್ತಿ ಹೇಳುತ್ತೇವೆ, ಮಕ್ಕಳೂ ಅದನ್ನು ಕಂಠಪಾಠದಂತೆ ಇಟ್ಟುಕೊಂಡಿರುತ್ತಾರೆ. ಪತ್ರಿಕೆಯಲ್ಲಿ ಈ ಪ್ರಶ್ನೆ ಕಂಡಾಗ ಚುರುಕಾದ ಮಕ್ಕಳೆಲ್ಲ, ಇದು ಅದೇ ಹಳೆಯ ಬಲೆ ಎಂದು ಗುರುತಿಸಿ, 2 × 9.8 × ½ ಎಂದು ಬಾಯಲ್ಲೇ ಲೆಕ್ಕ ಹಾಕಿ 9.8ಕ್ಕೆ ಗುರುತು ಹಾಕಿದ್ದರು. ಕೀ ಕೂಡ ಅದನ್ನೇ ಹೇಳಿತು. ಇವಳು ತನ್ನ ಉತ್ತರ ಹೇಳಿದಾಗ ಪಕ್ಕದ ಗೆಳತಿ, "ಫ್ರಿಕ್ಷನ್ ಯಾವಾಗ್ಲೂ ಮ್ಯೂ ಎನ್ ಅಲ್ಲ ಅಂತ ಸರ್ ಎಷ್ಟ ಸಲ ಹೇಳ್ಯಾರ, ನೀ ಮತ್ತ ಅದರಾಗ ಬಿದ್ದಿ ನೋಡು" ಎಂದಳಂತೆ.

ಅವಳು ಬಿದ್ದಿರಲಿಲ್ಲ. ಫೋಟೊದ ಜೊತೆಗೆ ಬಂದಿದ್ದ ಎರಡನೆಯ ಚಿತ್ರದಲ್ಲಿ ಅವಳ ಕಚ್ಚಾ ಹಾಳೆ ಇತ್ತು, ಮತ್ತು ಅದರಲ್ಲಿ ಅವಳು ಮೊದಲು ಬರೆದಿದ್ದು mg sinθ = 9.8 ಎಂದೇ. ಅದರ ಕೆಳಗಿನ ಸಾಲಿನಲ್ಲಿ, ಆ ಬಲವನ್ನು ತಡೆಯುವ ಶಕ್ತಿ ಈ ಮೇಲ್ಮೈಗೆ ಇದೆಯೇ ಎಂದು ನೋಡಲು ಗರಿಷ್ಠ ಬೆಲೆಯನ್ನು ಲೆಕ್ಕ ಹಾಕಿದ್ದಳು: 0.5 × 2 × 9.8 × 0.866, ಅಂದರೆ ಸುಮಾರು 8.5. ಜಾರಿಸುವ ಬಲ 9.8, ತಡೆಯಬಲ್ಲ ಗರಿಷ್ಠ ಬಲ 8.5. ಎರಡು ಸಂಖ್ಯೆಗಳ ನಡುವೆ ಅವಳು ಹಾಕಿದ್ದ ದೊಡ್ಡ 'ಗಿಂತ ಹೆಚ್ಚು' ಚಿಹ್ನೆಯ ಸುತ್ತ ಒಂದು ವೃತ್ತವಿತ್ತು. ಬ್ಲಾಕ್ ನಿಲ್ಲುವುದಿಲ್ಲ, ಜಾರುತ್ತದೆ. ಜಾರುವ ವಸ್ತುವಿನ ಮೇಲಿನ ಘರ್ಷಣೆ μN, ಆದ್ದರಿಂದ 8.5. ನಿಂತಿದೆಯೇ ಎಂದು ಪರೀಕ್ಷಿಸದೆ ನಿಂತ ವಸ್ತುವಿನ ಸೂತ್ರವನ್ನು ಬಳಸಬಾರದು ಎಂಬುದು ನಾವು ಕಲಿಸುವ ಅದೇ ಪಾಠದ ಇನ್ನೊಂದು ಅರ್ಧ. ಬಲೆಯ ಬಗ್ಗೆ ಎಚ್ಚರಿಸುವ ಭರದಲ್ಲಿ ಆ ಅರ್ಧ ತರಗತಿಯಲ್ಲಿ ಸವೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಲೆಕ್ಕದಲ್ಲಿ ದ್ರವ್ಯರಾಶಿಗೂ g ಬೆಲೆಗೂ ತೀರ್ಪಿನಲ್ಲಿ ಪಾತ್ರವೇ ಇಲ್ಲ. mg sinθ ಮತ್ತು μmg cosθ ಎರಡರಲ್ಲೂ mg ಇರುವುದರಿಂದ ಅದು ಹೊಡೆದುಹೋಗಿ, ಉಳಿಯುವ ಪ್ರಶ್ನೆ ಒಂದೇ: μ ದೊಡ್ಡದೋ, tanθ ದೊಡ್ಡದೋ? 30 ಡಿಗ್ರಿಗೆ tanθ ಬೆಲೆ 1/√3, ಅಂದರೆ 0.577. ಗುಣಾಂಕ ಇದಕ್ಕಿಂತ ಹೆಚ್ಚಿದ್ದರೆ ಬ್ಲಾಕ್ ನಿಲ್ಲುತ್ತದೆ, ಕಡಿಮೆಯಿದ್ದರೆ ಜಾರುತ್ತದೆ. ಇಡೀ ಪ್ರಶ್ನೆಯ ಹಣೆಬರಹ ಆ ಒಂದು ದಶಮಾಂಶ ಸ್ಥಾನದಲ್ಲಿತ್ತು.

ಆ ದಶಮಾಂಶ ಸ್ಥಾನವೇ ಫೋಟೊದಲ್ಲಿ ಸ್ಪಷ್ಟವಾಗಿರಲಿಲ್ಲ. ಇಂಥ ಪತ್ರಿಕೆಗಳನ್ನು ಒಂದು ಮೂಲಪ್ರತಿಯಿಂದ ಅಗ್ಗದ ಕಾಗದದ ಮೇಲೆ ನೂರಾರು ಪ್ರತಿ ತೆಗೆಯುತ್ತಾರೆ. ಶಾಯಿ ಹೆಚ್ಚಾದ ಪ್ರತಿಯಲ್ಲಿ 5ರ ಕೆಳಗಿನ ಬಾಗು ತುಂಬಿಕೊಂಡು ಅಂಕಿ ಮುಚ್ಚಿದಂತಾಗುತ್ತದೆ, ಮೇಲೆ ನೆರಳೂ ಬಿದ್ದರೆ 5 ಯಾವುದು 6 ಯಾವುದು ಎಂದು ಹೇಳುವುದು ಕಷ್ಟ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಷ್ಟೂ ಅದು ಇನ್ನಷ್ಟು ಮಸುಕಾಯಿತು. ಗುಣಾಂಕ 0.6 ಆಗಿದ್ದರೆ ಗರಿಷ್ಠ ಘರ್ಷಣೆ 10.2 ನ್ಯೂಟನ್, ಅದು 9.8ಕ್ಕಿಂತ ಹೆಚ್ಚು, ಬ್ಲಾಕ್ ನಿಲ್ಲುತ್ತದೆ, ಕೀ ಸರಿ, ವಿದ್ಯಾರ್ಥಿನಿ ತಪ್ಪು. 0.5 ಆಗಿದ್ದರೆ ಕೀ ತಪ್ಪು, ವಿದ್ಯಾರ್ಥಿನಿ ಸರಿ. ತಾನು ಓದಿದ್ದು 0.5 ಎಂದೇ ಅವಳು ಖಚಿತವಾಗಿ ಹೇಳುತ್ತಿದ್ದಳು, ಆದರೆ ಅಂಕ ಕಳೆದುಕೊಂಡವರ ನೆನಪನ್ನೇ ಆಧಾರವಾಗಿಟ್ಟು ಆಕ್ಷೇಪಣೆ ಸಲ್ಲಿಸಲಾಗದು. ಪತ್ರಿಕೆ ವಾಪಸ್ ಹೋಗಿತ್ತು, ಇನ್ನೊಂದು ಫೋಟೊ ತೆಗೆಯುವ ದಾರಿ ಆ ಸಂಜೆ ಇರಲಿಲ್ಲ.

ಅವಳು ಅಷ್ಟಕ್ಕೆ ನಿಲ್ಲದೆ ಅದೇ ಫೋಟೊವನ್ನು ಕೇಂದ್ರದ ಭೌತಶಾಸ್ತ್ರ ವಿಭಾಗಕ್ಕೂ ಕಳಿಸಿ, ಕೀ ತಪ್ಪಿದೆ ಎಂದು ಒಂದು ಸಾಲು ಬರೆದಿದ್ದಳು. ರಾತ್ರಿ ಬಂದ ಉತ್ತರ ನಿರೀಕ್ಷಿತವೇ ಆಗಿತ್ತು: ಸ್ಥಿತ ಘರ್ಷಣೆ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಬಲ, ಅಧ್ಯಾಯವನ್ನು ಇನ್ನೊಮ್ಮೆ ಓದಿಕೊಳ್ಳಿ. ಉತ್ತರಿಸಿದವರನ್ನು ನಾನು ದೂಷಿಸುವುದಿಲ್ಲ. ಕೀ ಹಚ್ಚಿದ ಸಂಜೆ ಅವರಿಗೆ ಇಂಥ ಸಂದೇಶಗಳ ರಾಶಿಯೇ ಬರುತ್ತದೆ, ಅವುಗಳಲ್ಲಿ ಬಹುಪಾಲು μN ಬಲೆಗೆ ಬಿದ್ದವರದೇ ಆಗಿರುತ್ತವೆ, ಮತ್ತು ಇವಳ ಒಂದು ಸಾಲಿನಲ್ಲಿ ಅವಳು ಆ ಗುಂಪಿನವಳಲ್ಲ ಎಂದು ತೋರಿಸುವಂಥದ್ದು ಏನೂ ಇರಲಿಲ್ಲ. ಲೆಕ್ಕದ ಹಾಳೆಯನ್ನು ಅವಳು ನನಗೆ ಕಳಿಸಿದ್ದಳೇ ಹೊರತು ಅವರಿಗೆ ಕಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸ್ಟಾಫ್ ರೂಮಿಗೆ ಬಂದಾಗ ನಾನು ಅವಳಿಗೆ ಹೇಳಿದ್ದು ಒಂದೇ ಮಾತು: ಗುಣಾಂಕದ ಅಂಕಿ ಮಸುಕಾಗಿರಬಹುದು, ಆಯ್ಕೆಗಳ ಅಂಕಿಗಳು ಮಸುಕಾಗಿಲ್ಲವಲ್ಲ, ಅವು ಎಲ್ಲಿಂದ ಬಂದವು ಎಂದು ಒಂದೊಂದಾಗಿ ನೋಡು. ಬಹು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳನ್ನು ಯಾರೂ ಸುಮ್ಮನೆ ಗಾಳಿಯಿಂದ ಹಿಡಿದು ಬರೆಯುವುದಿಲ್ಲ. ಮಕ್ಕಳು ಯಾವ ಯಾವ ರೀತಿಯಲ್ಲಿ ತಪ್ಪು ಮಾಡಬಹುದೋ ಆ ರೀತಿಗಳಿಗೆ ಸರಿಯಾಗಿ ಬರುವ ಸಂಖ್ಯೆಗಳನ್ನೇ ಅಲ್ಲಿ ಇಡುತ್ತಾರೆ, ಹೀಗಾಗಿ ಪ್ರತಿಯೊಂದು ಆಯ್ಕೆಯೂ ಪ್ರಶ್ನೆಯ ದತ್ತಾಂಶದ ಗುರುತನ್ನು ಹೊತ್ತಿರುತ್ತದೆ. ಅವಳು ಕುರ್ಚಿಯ ತುದಿಯಲ್ಲಿ ಕುಳಿತು ಬಿಡಿಸತೊಡಗಿದಳು. 9.8 ಎಂದರೆ mg sinθ. 17 ಎಂದರೆ mg cosθ, ಲಂಬ ಪ್ರತಿಕ್ರಿಯೆಯನ್ನೇ ಘರ್ಷಣೆ ಎಂದು ತಿಳಿದವರಿಗಾಗಿ. ಇವೆರಡರಲ್ಲೂ ಗುಣಾಂಕ ಇಲ್ಲ. ಉಳಿದದ್ದು 8.5 ಮತ್ತು 4.9. 8.5 ಎಂದರೆ 17ರ ಅರ್ಧ, 4.9 ಎಂದರೆ 9.8ರ ಅರ್ಧ. ಗುಣಾಂಕ 0.6 ಆಗಿದ್ದರೆ ಈ ಎರಡು ಜಾಗಗಳಲ್ಲಿ 10.2 ಮತ್ತು 5.9 ಇರಬೇಕಿತ್ತು. ಪ್ರಶ್ನೆ ರೂಪಿಸಿದವರು 0.5 ಇಟ್ಟುಕೊಂಡೇ ಆಯ್ಕೆಗಳನ್ನು ಲೆಕ್ಕ ಹಾಕಿದ್ದರು ಎಂಬುದಕ್ಕೆ ಪತ್ರಿಕೆಯೇ ಸಾಕ್ಷಿ ಹೇಳುತ್ತಿತ್ತು. ಅವಳ ಮುಖ ಆಗ ಅರಳಿದ ರೀತಿ ನನಗೆ ಬಹಳ ಸಂತೋಷ ಕೊಟ್ಟಿತು.

ಆಯ್ಕೆಗಳನ್ನು ಹೀಗೆ ಬಿಡಿಸಿದ ಮೇಲೆ ತಪ್ಪು ಹೇಗೆ ನುಸುಳಿತು ಎಂಬುದೂ ತಾನಾಗಿ ಹೊರಬಿತ್ತು. ಇದೇ 2 ಕಿಲೋಗ್ರಾಂ, ಇದೇ 30 ಡಿಗ್ರಿ, ಇದೇ 9.8 ಇರುವ ಒಂದು ಪ್ರಶ್ನೆ ಐಐಟಿ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಗಳಲ್ಲಿ ಪ್ರಸಿದ್ಧವಾದದ್ದು, ಘರ್ಷಣೆ ಕಲಿಸುವ ಯಾವ ಉಪನ್ಯಾಸಕರಿಗೂ ಅದು ಅಪರಿಚಿತವಲ್ಲ. ಅಲ್ಲಿ ಗುಣಾಂಕ 0.7. ಆಗ ಗರಿಷ್ಠ ಘರ್ಷಣೆ 11.9 ನ್ಯೂಟನ್, ಬ್ಲಾಕ್ ನೆಮ್ಮದಿಯಾಗಿ ನಿಂತಿರುತ್ತದೆ, ಉತ್ತರ 9.8 ಎಂಬುದು ಪೂರ್ತಿ ಸರಿ. ಆ ಪ್ರಶ್ನೆ ಮಕ್ಕಳಿಗೆ ಬಾಯಿಪಾಠವಾಗಿರುವುದರಿಂದ ಹೊಸದಾಗಿ ಕಾಣಲೆಂದು ಯಾರೋ 0.7ನ್ನು 0.5 ಮಾಡಿದ್ದಾರೆ. ಬದಲಾವಣೆ ಮಾಡಿದವರು ಅಜಾಗರೂಕರೇನೂ ಆಗಿರಲಿಲ್ಲ; ಗುಣಾಂಕ ಬರುವ ಎರಡೂ ಆಯ್ಕೆಗಳನ್ನು ಹೊಸ ಬೆಲೆಗೆ ಸರಿಯಾಗಿ ತಿದ್ದಿದ್ದಾರೆ. ಸರಿ ಉತ್ತರವಾದ mg sinθದಲ್ಲಿ ಗುಣಾಂಕ ಇಲ್ಲವೇ ಇಲ್ಲ, ಆದ್ದರಿಂದ ಅದನ್ನು ತಿದ್ದುವ ಅಗತ್ಯವಿಲ್ಲ ಎಂದು ಅವರಿಗೆ ತೋರಿರಬೇಕು. 0.577ರ ಗಡಿಯನ್ನು ದಾಟಿದ್ದರಿಂದ ಸೂತ್ರವೇ ಬದಲಾಗಿದೆ ಎಂಬುದು ಮಾತ್ರ ಗಮನಕ್ಕೆ ಬಂದಿಲ್ಲ. 0.7ನ್ನು 0.8 ಮಾಡಿದ್ದರೂ, 0.6 ಮಾಡಿದ್ದರೂ ಏನೂ ಆಗುತ್ತಿರಲಿಲ್ಲ.

ಅಷ್ಟಾದರೂ ನಾನು ಅವಳಿಗೆ ಇನ್ನೊಂದು ಬಾಗಿಲನ್ನು ತೆರೆದು ತೋರಿಸಬೇಕಿತ್ತು, ಏಕೆಂದರೆ ಎದುರಿನವರು ಅಲ್ಲಿಂದಲೇ ಬರುತ್ತಾರೆ. ಬ್ಲಾಕ್ ಇಳಿಜಾರಿನ ಮೇಲೆ ನಿಶ್ಚಲವಾಗಿದೆ ಎಂದು ಪ್ರಶ್ನೆಯೇ ಹೇಳಿದ್ದರೆ ಪರಿಸ್ಥಿತಿ ಬೇರೆಯಾಗುತ್ತಿತ್ತು. ಆಗ 0.5 ಎಂಬ ಬೆಲೆಗೂ ನಿಶ್ಚಲತೆಗೂ ಹೊಂದಾಣಿಕೆಯೇ ಇರುವುದಿಲ್ಲ. ಅಂಥ ಪ್ರಶ್ನೆಗೆ ಸರಿ ಉತ್ತರವೇ ಇಲ್ಲ, ಅದನ್ನು ರದ್ದು ಮಾಡಬೇಕು. ಹಾಗೆಯೇ ಕೊಟ್ಟದ್ದು ಸ್ಥಿತ ಘರ್ಷಣಾ ಗುಣಾಂಕ ಮಾತ್ರ ಎಂದು ಪ್ರಶ್ನೆ ಸ್ಪಷ್ಟಪಡಿಸಿದ್ದರೆ, ಜಾರುವಾಗಿನ ಘರ್ಷಣೆ ಎಷ್ಟು ಎಂದು ಹೇಳಲು ದತ್ತಾಂಶ ಸಾಲುತ್ತಿರಲಿಲ್ಲ, ಏಕೆಂದರೆ ಚಲನ ಘರ್ಷಣೆಯ ಗುಣಾಂಕ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಫೋಟೊದಲ್ಲಿ ಓದಬರುತ್ತಿದ್ದ ಪಾಠದ ಪ್ರಕಾರ ಬ್ಲಾಕನ್ನು 'ಇಡಲಾಗಿದೆ', ಅದು ನಿಂತಿದೆ ಎಂದಿಲ್ಲ. ಗುಣಾಂಕಕ್ಕೂ ಸ್ಥಿತ, ಚಲನ ಎಂಬ ವಿಶೇಷಣ ಇಲ್ಲ. ಒಂದೇ ಗುಣಾಂಕ ಕೊಟ್ಟಾಗ ಎರಡಕ್ಕೂ ಅದನ್ನೇ ಬಳಸುವುದು ನಮ್ಮ ಪ್ರವೇಶ ಪರೀಕ್ಷೆಗಳ ರೂಢಿ. ಆದ್ದರಿಂದ 8.5 ಎಂಬ ಉತ್ತರ ನಿಲ್ಲುತ್ತದೆ ಎಂದು ನಾನು ತೀರ್ಮಾನಿಸಿದೆ.

ಅವಳು ಬರೆದ ಎರಡನೆಯ ಸಂದೇಶ ಮೊದಲಿನದಕ್ಕಿಂತ ಉದ್ದವಾಗಿತ್ತು, ಆದರೆ ಅದರಲ್ಲಿ ದೂರಿನ ಧ್ವನಿ ಇರಲಿಲ್ಲ. ನಿಂತ ಬ್ಲಾಕಿನ ಮೇಲಿನ ಘರ್ಷಣೆ mg sinθ ಎಂಬುದನ್ನು ತಾನು ಒಪ್ಪುತ್ತೇನೆ ಎಂದು ಮೊದಲಿಗೇ ಬರೆದು, ಈ ಬ್ಲಾಕ್ ನಿಲ್ಲುತ್ತದೆಯೇ ಎಂಬುದೇ ತನ್ನ ಪ್ರಶ್ನೆ ಎಂದು ಮುಂದುವರಿಸಿದ್ದಳು. ಆಮೇಲೆ tan 30° = 0.577 ಎಂಬ ಹೋಲಿಕೆ, 9.8 ಮತ್ತು 8.5ರ ಲೆಕ್ಕ, ಆಯ್ಕೆಗಳಿಂದ 0.5ನ್ನು ಖಚಿತಪಡಿಸಿದ ವಿವರ. ಕೊನೆಯಲ್ಲಿ, ಕೀ ಉತ್ತರವನ್ನೇ ಒಪ್ಪಿದರೆ ಈ ಮೇಲ್ಮೈ ತಾನು ಕೊಡಬಲ್ಲ ಗರಿಷ್ಠಕ್ಕಿಂತ 1.3 ನ್ಯೂಟನ್ ಹೆಚ್ಚು ಬಲ ಕೊಡುತ್ತಿದೆ ಎಂದಾಗುತ್ತದೆ, ವಾಸ್ತವದಲ್ಲಿ ಆ 1.3 ನ್ಯೂಟನ್ ಬ್ಲಾಕನ್ನು ಪ್ರತಿ ಸೆಕೆಂಡಿಗೆ ಸುಮಾರು 0.66 ಮೀಟರ್ ಪ್ರತಿ ಸೆಕೆಂಡಿನಂತೆ ವೇಗ ಹೆಚ್ಚಿಸುತ್ತಾ ಕೆಳಕ್ಕೆ ಒಯ್ಯುತ್ತದೆ ಎಂದು ಸೇರಿಸಿದ್ದಳು. ಆ ಕೊನೆಯ ಸಾಲು ನಾನು ಹೇಳಿಕೊಟ್ಟದ್ದಲ್ಲ, ಮತ್ತು ಇಡೀ ಸಂದೇಶದಲ್ಲಿ ಅತ್ಯಂತ ಬಲವಾದ ವಾದ ಅದೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಮಧ್ಯಾಹ್ನವೇ ಕೇಂದ್ರದ ಹಿರಿಯ ಉಪನ್ಯಾಸಕರೊಬ್ಬರು ಅವಳಿಗೆ ಫೋನ್ ಮಾಡಿದರು. ಮೂಲಪ್ರತಿಯನ್ನು ತೆಗೆದು ನೋಡಿದ್ದಾಗಿಯೂ, ಅದರಲ್ಲಿ ಇರುವುದು 0.5 ಎಂದೇ ಸ್ಪಷ್ಟವಾಗಿದೆ ಎಂದೂ, ಕೀ ತಿದ್ದುವುದಾಗಿಯೂ ಹೇಳಿದರು. "ನೀನು ಮೊದಲೇ ಇಷ್ಟು ಬರೆದಿದ್ದರೆ ನಿನ್ನೆಯೇ ಮುಗಿಯುತ್ತಿತ್ತಮ್ಮ" ಎಂದೂ ಹೇಳಿದರಂತೆ.

ಕೀ ತಿದ್ದುವುದು ಎಂದರೆ ಒಂದರ ಜಾಗದಲ್ಲಿ ಎರಡು ಎಂದು ಬರೆಯುವುದಷ್ಟೇ ಆಗಿದ್ದರೆ ಪ್ರಕರಣ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಓಎಂಆರ್ ಹಾಳೆಗೆ ಕಾರಣ ಕಾಣುವುದಿಲ್ಲ, ಗುರುತು ಮಾತ್ರ ಕಾಣುತ್ತದೆ. ಎರಡನೆಯ ಆಯ್ಕೆಗೆ ಗುರುತು ಹಾಕಿದವರಲ್ಲಿ ಈ ವಿದ್ಯಾರ್ಥಿನಿಯಂತೆ ಪರೀಕ್ಷಿಸಿ ಬರೆದವರೂ ಇದ್ದರು, μ ಕಂಡ ಕೂಡಲೇ ಗುಣಿಸಿ ಬರೆದವರೂ ಇದ್ದರು. ಹೊಸ ಕೀ ಇಬ್ಬರಿಗೂ ನಾಲ್ಕು ಅಂಕ ಕೊಡುತ್ತದೆ. ಒಂದನೆಯ ಆಯ್ಕೆಯಲ್ಲೂ ಹಾಗೆಯೇ. 0.5 × 2 × 9.8 ಎಂದು cosθ ಮರೆತು ಗುಣಿಸಿದರೂ 9.8 ಬರುತ್ತದೆ ಎಂಬುದು 0.7ನ್ನು 0.5 ಮಾಡಿದಾಗ ಹುಟ್ಟಿದ ಇನ್ನೊಂದು ಎಡವಟ್ಟು. ಹಳೆಯ ಕೀಯಲ್ಲಿ ಅಂಥ ವಿದ್ಯಾರ್ಥಿಗೂ ಪೂರ್ತಿ ಅಂಕ ಸಿಕ್ಕಿತ್ತು. ಕೆಲವು ಪಾಲಕರು ಎಲ್ಲರಿಗೂ ಕೃಪಾಂಕ ಕೊಟ್ಟುಬಿಡಿ ಎಂದು ಕೇಳಿದರು. ಕೇಂದ್ರ ಅದಕ್ಕೆ ಒಪ್ಪದೆ, ಎರಡನೆಯ ಆಯ್ಕೆಗೆ ಮಾತ್ರ ಅಂಕ ಎಂದು ತೀರ್ಮಾನಿಸಿತು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ, ಏಕೆಂದರೆ ಪ್ರಶ್ನೆಗೆ ಒಂದು ಸರಿ ಉತ್ತರ ಇತ್ತು, ಅದು ಆಯ್ಕೆಗಳಲ್ಲಿ ಇತ್ತು, ಮತ್ತು ಸಿಲಬಸ್ಸಿನ ಒಳಗಿನ ತಿಳಿವಳಿಕೆಯಿಂದಲೇ ಅದನ್ನು ತಲುಪಬಹುದಿತ್ತು. ಎಲ್ಲರಿಗೂ ಅಂಕ ಕೊಡುವುದು ಉತ್ತರವೇ ಇಲ್ಲದ ಪ್ರಶ್ನೆಗೆ ಮಾತ್ರ ಹೊಂದುವ ಪರಿಹಾರ.

ಈ ಐದು ಅಂಕದ ಅಂತರ ನಿಜವಾದ ಪರೀಕ್ಷೆಯಲ್ಲಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2024ರ ನೀಟ್ ಸಾಕ್ಷಿ. ಆ ವರ್ಷ ಪರಮಾಣುಗಳ ಕುರಿತ ಒಂದು ಭೌತಶಾಸ್ತ್ರ ಪ್ರಶ್ನೆಗೆ, ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿದ್ದ ವಿವರಣೆಯನ್ನು ನಂಬಿ ಬರೆದವರಿಗೂ ಅಂಕ ಕೊಡಬೇಕೆಂದು ಎರಡು ಆಯ್ಕೆಗಳನ್ನು ಸರಿ ಎಂದು ಪರಿಗಣಿಸಲಾಗಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಜುಲೈ ತಿಂಗಳಲ್ಲಿ ನ್ಯಾಯಾಲಯದ ಸೂಚನೆಯಂತೆ ದೆಹಲಿ ಐಐಟಿಯ ಮೂವರು ತಜ್ಞರು ಪ್ರಶ್ನೆಯನ್ನು ಪರಿಶೀಲಿಸಿ, ನಾಲ್ಕನೆಯ ಆಯ್ಕೆ ಒಂದೇ ಸರಿ ಎಂದು ವರದಿ ಕೊಟ್ಟರು. ಇನ್ನೊಂದು ಆಯ್ಕೆಯನ್ನು ಬರೆದಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ತಲಾ ಐದು ಅಂಕ ಕಳೆದುಕೊಂಡರು. ಪರಿಷ್ಕೃತ ಫಲಿತಾಂಶದಲ್ಲಿ ಪೂರ್ಣ 720 ಅಂಕ ಉಳಿದದ್ದು 17 ಮಂದಿಗೆ. ಅಲ್ಲಿಯೂ ಎರಡು ಆಯ್ಕೆಗಳನ್ನು ಒಪ್ಪುವ ಉದಾರತೆ ಉಳಿಯಲಿಲ್ಲ. ನಿಜವಾದ ನೀಟ್‌ನಲ್ಲಿ ತಾತ್ಕಾಲಿಕ ಕೀ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಪ್ರತಿ ಪ್ರಶ್ನೆಗೆ 200 ರೂಪಾಯಿ ಶುಲ್ಕವಿದೆ ಮತ್ತು ಅವಧಿ ಬಹಳ ಕಡಿಮೆ ಇರುತ್ತದೆ; ಹೀಗಾಗಿ ಯಾವ ಆಕ್ಷೇಪಣೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಅಭ್ಯರ್ಥಿಯೇ ಮೊದಲು ತೂಗಿ ನೋಡಬೇಕಾಗುತ್ತದೆ.

ಪರಿಷ್ಕೃತ ಕೀಯಿಂದ ಅಂಕ ಕಳೆದುಕೊಂಡವರಲ್ಲಿ ಮೊದಲ ದಿನ ಅವಳನ್ನು ತಿದ್ದಲು ಬಂದ ಗೆಳತಿಯೂ ಇದ್ದಳು. ಅವಳು ಮೊದಲು ಮುನಿಸಿಕೊಂಡಳು. ಆಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿ, ಕೋನವನ್ನು 30ರಿಂದ 26 ಡಿಗ್ರಿಗೆ ಇಳಿಸಿದರೆ tanθ 0.49ರ ಆಸುಪಾಸಿಗೆ ಬಂದು ಇದೇ ಬ್ಲಾಕ್ ನಿಲ್ಲುತ್ತದೆ, 27ಕ್ಕೆ ಏರಿಸಿದರೆ 0.51 ಆಗಿ ಮತ್ತೆ ಜಾರುತ್ತದೆ ಎಂದು ಕಂಡುಕೊಂಡು ಬಂದು ನನಗೆ ತೋರಿಸಿದರು.

ಕೇಂದ್ರವು ಹಂಚಿದ್ದ ಉತ್ತರ ವಿವರಣೆಯ ಹಾಳೆ ಮಾತ್ರ ಇನ್ನೂ ಕೆಲವು ದಿನ ಹಾಗೆಯೇ ಉಳಿದಿತ್ತು. ಅದರಲ್ಲಿ f = mg sinθ ಎಂಬ ಒಂದೇ ಸಾಲಿತ್ತು, ಹೋಲಿಕೆಯ ಹೆಜ್ಜೆಯೇ ಇರಲಿಲ್ಲ; ತಪ್ಪು ಉಳಿದುಕೊಂಡಿದ್ದು ಆ ಸಾಲಿನಲ್ಲಿಯೇ. ವಿದ್ಯಾರ್ಥಿನಿ ಇದನ್ನೂ ತಿಳಿಸಿದ ಮೇಲೆ ಅವರು ವಿವರಣೆಯನ್ನು ತಿದ್ದಿ, μ ಮತ್ತು tanθ ಹೋಲಿಕೆಯನ್ನು ಮೊದಲ ಸಾಲಾಗಿ ಹಾಕಿದರು. ಜೊತೆಗೆ ಅದೇ ಅಧ್ಯಾಯದಲ್ಲಿ ತಾವು ಸಂಖ್ಯೆ ಬದಲಿಸಿದ್ದ ಇನ್ನೊಂದು ಪ್ರಶ್ನೆಯನ್ನು ಅವಳಿಗೇ ಪರಿಶೀಲಿಸಲು ಕೊಟ್ಟರು. ನೆಲದ ಮೇಲಿನ 5 ಕಿಲೋಗ್ರಾಂ ಪೆಟ್ಟಿಗೆ, ಗುಣಾಂಕ 0.4, ಅಡ್ಡಲಾಗಿ ತಳ್ಳುವ ಬಲ ಮೊದಲು 15 ನ್ಯೂಟನ್ ಇದ್ದದ್ದನ್ನು 18 ಮಾಡಿದ್ದರು. ಗರಿಷ್ಠ ಘರ್ಷಣೆ 19.6 ನ್ಯೂಟನ್ ಆಗುವುದರಿಂದ ಪೆಟ್ಟಿಗೆ ಕದಲುವುದಿಲ್ಲ, ಘರ್ಷಣೆ 18 ನ್ಯೂಟನ್, ಮತ್ತು ಅವರ ಕೀಯಲ್ಲಿಯೂ 18 ಎಂದೇ ಇತ್ತು. ತಳ್ಳುವ ಬಲವನ್ನು 20 ಮಾಡಿದ್ದರೆ ಆ ಕೀ ಕೂಡ ತಪ್ಪುತ್ತಿತ್ತು ಎಂದು ಅವಳು ಹಾಳೆಯ ಅಂಚಿನಲ್ಲಿ ಬರೆದು ಕೊಟ್ಟಳು.